‘ಸಂಬಳ ಕಮ್ಮಿ, ಪರವಾಗಿಲ್ವಾ?’: ಸಂದರ್ಶನದ ಮೂರು ಪ್ರಶ್ನೆ, ಗುಂಡ್ಲುಪೇಟೆಯ ಒಂದು ಲೆಕ್ಕ

ಚಾಮರಾಜನಗರದಲ್ಲಿ ಒಂದು ಸಂಸ್ಥೆಯ ಸಂದರ್ಶನ. ಮೇಜಿನ ಈ ಕಡೆ ನಾವು ಮೂವರು, ಆ ಕಡೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬೊಬ್ಬರಾಗಿ ಬರುವ ಅಭ್ಯರ್ಥಿಗಳು. ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹಾಡಿಗಳಲ್ಲಿ ಮಕ್ಕಳ ಶಾಲಾ ಹಾಜರಾತಿ ಮೇಲೆ ಕೆಲಸ ಮಾಡಲು ಕ್ಷೇತ್ರ ಸಂಯೋಜಕರು ಬೇಕಿದ್ದರು. ಕೈಯಲ್ಲಿ ಅಂಕಪಟ್ಟಿ ಇತ್ತು. ಅದರ ಮೊದಲ ಕಾಲಂ ‘ಪ್ರೇರಣೆ’, ಹತ್ತು ಅಂಕ.

ತೆರಕಣಾಂಬಿ ಕಡೆಯ ಒಬ್ಬ ಹುಡುಗಿ ಬಂದಳು. ಮನೆಯಲ್ಲಿ ಪದವಿ ಓದಿದ ಮೊದಲಿಗಳು. ‘ಯಾಕಮ್ಮ ಈ ಕೆಲಸಕ್ಕೇ ಬರಬೇಕು ಅನ್ನಿಸ್ತು?’ ಅಂತ ಕೇಳಿದೆವು. ಅವಳು ಎರಡು ಸೆಕೆಂಡ್ ಸುಮ್ಮನಿದ್ದು, ‘ಕೆಲ್ಸ ಬೇಕು ಸಾ’ ಅಂದಳು. ಅಷ್ಟೇ. ನಾನು ಹತ್ತಕ್ಕೆ ನಾಲ್ಕು ಕೊಟ್ಟೆ.

ಅವಳ ನಂತರ ಬೆಂಗಳೂರಿನಿಂದ ಒಬ್ಬ ಎಂಜಿನಿಯರ್ ಹುಡುಗ ಬಂದ. ಕಾರ್ಪೊರೇಟ್ ಕೆಲಸ ಬಿಟ್ಟಿದ್ದ. ತಳಮಟ್ಟದ ಭಾರತವನ್ನು ಅರ್ಥ ಮಾಡಿಕೊಳ್ಳಬೇಕು, ಪಡೆದದ್ದನ್ನು ಸಮಾಜಕ್ಕೆ ಹಿಂದಿರುಗಿಸಬೇಕು ಅಂತ ಚೆನ್ನಾಗಿ ಹೇಳಿದ. ಸುಳ್ಳು ಹೇಳಲಿಲ್ಲ, ನಿಜವಾಗಿಯೂ ಅವನಿಗೆ ಹಾಗೇ ಅನ್ನಿಸಿತ್ತು. ಅವನಿಗೆ ಎಂಟು ಕೊಟ್ಟೆ. ಕೆಲಸ ಅವನಿಗೆ ಸಿಕ್ಕಿತು. ಏಳನೇ ತಿಂಗಳಿಗೆ ಮೇಲಿನ ಓದಿಗೆ ಅಂತ ಹೊರಟ. ಅದು ಅವನ ತಪ್ಪಲ್ಲ. ಅವನಿಗೆ ಹೋಗುವುದಕ್ಕೆ ಒಂದು ಜಾಗ ಇತ್ತು.

ಆ ಎಂಟು ಮತ್ತು ಆ ನಾಲ್ಕು ನನ್ನನ್ನು ಈಗಲೂ ಬಿಟ್ಟಿಲ್ಲ. ನಾನೂ ಇದೇ ಜಿಲ್ಲೆಯವನು, ಮೇಜಿನ ಆ ಕಡೆ ಕೂತು ಬಂದವನು. ನನ್ನ ಸಂದರ್ಶನದಲ್ಲಿ ‘ಸಮಾಜ ಸೇವೆ ಮಾಡಬೇಕು ಅಂತ ಚಿಕ್ಕಂದಿನಿಂದ ಆಸೆ’ ಅಂತ ಬಾಯಿಪಾಠ ಒಪ್ಪಿಸಿದ್ದೆ. ನಿಜವಾಗಿ ನನಗೂ ಕೆಲಸ ಬೇಕಿತ್ತು, ಅಷ್ಟೇ.

ಪ್ರೇರಣೆಗೆ ಅಂಕ ಕೊಡುವಾಗ ನಾವು ಅಳೆಯುವುದು ಏನನ್ನು?

ಸಾಮಾಜಿಕ ಕ್ಷೇತ್ರದ ಸಂದರ್ಶನಗಳಲ್ಲಿ ಮೂರು ಪ್ರಶ್ನೆ ತಪ್ಪುವುದಿಲ್ಲ. ಯಾಕೆ ಈ ಕೆಲಸ? ಸಂಬಳ ಕಮ್ಮಿ, ಪರವಾಗಿಲ್ವಾ? ಫೀಲ್ಡ್ ಕಷ್ಟ, ಮಾಡ್ತೀರಾ? ಮೂರೂ ಬೇರೆ ಬೇರೆ ಪ್ರಶ್ನೆಗಳ ಹಾಗೆ ಕಾಣುತ್ತವೆ. ನಡೆಯುವಾಗ ಮಾತ್ರ ಒಂದೇ ಪ್ರಶ್ನೆಯಾಗಿಬಿಡುತ್ತವೆ: ನೀವು ಎಷ್ಟು ತ್ಯಾಗ ಮಾಡಬಲ್ಲಿರಿ?

ಇದಕ್ಕೆ ಈ ಜಿಲ್ಲೆಯಲ್ಲಿ ಒಂದು ಹಿನ್ನೆಲೆ ಇದೆ. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಸೋಲಿಗರ ನಡುವೆ ಉಳಿದು, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1984ರಲ್ಲಿ ಮೈಸೂರಿನ ವೈದ್ಯ ವಿದ್ಯಾರ್ಥಿಗಳು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿ, ಆಮೇಲೆ ಪಕ್ಕದ ಹೆಗ್ಗಡದೇವನಕೋಟೆಗೆ ಹೋಗಿ ಕೆಲಸ ಮಾಡಿದರು. ನಗರದ ದೊಡ್ಡ ಸಂಪಾದನೆಯ ದಾರಿ ಬಿಟ್ಟು ಕಾಡಿಗೆ ಬಂದ ವೈದ್ಯರ ಈ ಕತೆಗಳನ್ನು ಕೇಳಿಯೇ ನಮ್ಮಂಥ ಎಷ್ಟೋ ಜನ ಈ ಕೆಲಸಕ್ಕೆ ಬಂದಿದ್ದೇವೆ.

ಆದರೆ ಈ ಮಾದರಿಯನ್ನು ಸಂಸ್ಥೆಗಳು ಇಡೀ ಕ್ಷೇತ್ರದ ನೇಮಕಾತಿ ನಿಯಮ ಮಾಡಿಕೊಂಡಾಗ ಎಡವಟ್ಟಾಗುತ್ತದೆ. ವೈದ್ಯ ಪದವಿ ಕೈಲಿರುವವರು ಕಮ್ಮಿ ಹಣಕ್ಕೆ ಬಂದರೆ ಅದು ಆಯ್ಕೆ. ಬಿಎ ಮುಗಿಸಿ, ಅಪ್ಪನ ಒಂದೆಕರೆ ಅರಿಸಿನಕ್ಕೆ ರೇಟು ಬಿದ್ದು, ತಂಗಿಯ ಫೀಸು ಕಟ್ಟಬೇಕಾದವಳು ಅದೇ ಹಣಕ್ಕೆ ಬಂದರೆ ಅದು ಆಯ್ಕೆ ಅಲ್ಲ. ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಕಾಲಂನಲ್ಲಿ ಅಂಕ ಹಾಕಿದರೆ, ನಾವು ಅಳೆದದ್ದು ಪ್ರೇರಣೆಯನ್ನಲ್ಲ. ಬೆನ್ನ ಹಿಂದೆ ಎಷ್ಟು ಆಸ್ತಿ ಇದೆ ಎಂಬುದನ್ನು. ನಮ್ಮ ಊರುಗಳಲ್ಲಿ ಆಸ್ತಿ ಯಾರಿಗಿದೆ ಅನ್ನುವುದಕ್ಕೂ ಜಾತಿ ಯಾವುದು ಅನ್ನುವುದಕ್ಕೂ ಇರುವ ಸಂಬಂಧವನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅವತ್ತಿನ ಸಂದರ್ಶನದಲ್ಲಿ ಇನ್ನೊಂದು ಸಂಗತಿ ನಡೆಯಿತು. ಜೊತೆಗಿದ್ದ ಹಿರಿಯ ಮೇಡಂ ಆ ಹುಡುಗಿಗೆ ಇನ್ನೊಂದು ಪ್ರಶ್ನೆ ಕೇಳಿದರು: ‘ಹಾಡಿಯ ಒಂದು ಮಗು ಎರಡು ವಾರದಿಂದ ಸ್ಕೂಲಿಗೆ ಬಂದಿಲ್ಲ. ಏನು ಮಾಡ್ತೀಯಾ?’

‘ಮೊದ್ಲು ಅವ್ರಪ್ಪ ಅವ್ವ ಯಾವ ಕೆಲ್ಸಕ್ಕೆ ಹೋಗವ್ರೆ ಅಂತ ಕೇಳ್ತಿನಿ ಮೇಡಂ. ಕೊಡಗಿಗೆ ಕಾಫಿ ಕುಯ್ಯಕೆ ಹೋಗಿದ್ರೆ ಮಗೀನೂ ಕರ್ಕೊಂಡೇ ಹೋಗಿರ್ತಾರೆ, ಕುಯ್ಲು ಮುಗಿಯೋಗಂಟ ಬರಕಿಲ್ಲ. ಕೇರಳಕ್ಕೆ ಶುಂಠಿ ಕೆಲ್ಸಕ್ಕೆ ಹೋಗಿದ್ರೆ ಕೆಲವ್ರು ಅಜ್ಜಿ ತಾವ ಬುಟ್ಟೋಗಿರ್ತಾರೆ. ಅಜ್ಜಿ ತಾವ ಇದ್ರೆ ಸ್ಕೂಲಿಗೆ ಕಳ್ಸಬೋದು.’

ಕಾಫಿಗೆ ಹೋದ ಮಗುವಿಗೆ ಬೇಕಾದ್ದು ವಲಸೆ ಹೋದ ಜಾಗದಲ್ಲೇ ಒಂದು ಶಾಲೆ, ಇಲ್ಲವೇ ಇಲ್ಲಿ ಉಳಿಯಲು ಹಾಸ್ಟೆಲ್. ಅಜ್ಜಿಯ ಹತ್ತಿರ ಬಿಟ್ಟುಹೋದ ಮಗುವಿಗೆ ಬೇಕಾದ್ದು ಬೆಳಿಗ್ಗೆ ಎಬ್ಬಿಸಿ ಕಳಿಸುವ ಒಬ್ಬರು. ಎರಡೂ ಹಾಜರಿ ಪುಸ್ತಕದಲ್ಲಿ ‘ಗೈರು’ ಅಂತ ಒಂದೇ ಥರ ಕಾಣುತ್ತವೆ. ಹೊಸಬರಿಗೆ ಇದು ತಿಳಿಯಲು ಒಂದು ವರ್ಷ ಬೇಕಾಗುತ್ತದೆ. ಅವಳಿಗೆ ಗೊತ್ತೇ ಇತ್ತು. ಆದರೆ ನಮ್ಮ ಅಂಕಪಟ್ಟಿಯಲ್ಲಿ ಈ ಉತ್ತರ ಬರೆದುಕೊಳ್ಳಲು ಕಾಲಂ ಇರಲಿಲ್ಲ.

ಪ್ರೇರಣೆಯನ್ನು ಕೇಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಈ ಕೆಲಸದಲ್ಲಿ ಮೊದಲ ಆರು ತಿಂಗಳು ಏನೂ ಬದಲಾಗುವುದಿಲ್ಲ, ಜನ ನಿಮ್ಮನ್ನು ನಂಬುವುದಿಲ್ಲ. ಆಗ ಉಳಿಯುವವರು ಯಾರು ಅಂತ ಸಂಸ್ಥೆ ತಿಳಿಯಬೇಕು. ಆದರೆ ಅದು ‘ಯಾಕೆ’ ಎಂಬ ಪ್ರಶ್ನೆಗೆ ಬರುವ ಭಾಷಣದಲ್ಲಿ ಗೊತ್ತಾಗುವುದಿಲ್ಲ. ‘ನಿಮ್ಮೂರಲ್ಲಿ ಕಣ್ಣಾರೆ ಕಂಡ ಒಂದು ಸಮಸ್ಯೆ ಹೇಳಿ. ಯಾರಾದರೂ ಸರಿಪಡಿಸಲು ನೋಡಿದರಾ? ಯಾಕೆ ಆಗಲಿಲ್ಲ?’ ಅಂತ ಕೇಳಿ ನೋಡಿ. ಬಾಯಿಪಾಠ ಮಾಡಿದವರು ಎರಡನೇ ಪ್ರಶ್ನೆಗೇ ನಿಲ್ಲುತ್ತಾರೆ. ನೋಡಿದವರು ಹೆಸರು, ಮನೆ, ಇಸವಿ ಸಮೇತ ಹೇಳುತ್ತಾರೆ.

ಸಂದರ್ಶನಕ್ಕೆ ಹೋಗುವ ಗೆಳೆಯರೇ, ‘ಕೆಲಸ ಬೇಕು’ ಅನ್ನಲು ನಾಚಿಕೆ ಬೇಡ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ‘ಕೆಲಸ ಬೇಕು. ಬದನಗುಪ್ಪೆ ಫ್ಯಾಕ್ಟರಿಗೂ ಹೋಗಬಹುದಿತ್ತು. ಇದಕ್ಕೆ ಬಂದದ್ದು ಯಾಕಂದ್ರೆ ಈ ಹಾಡಿಗಳು ನನಗೆ ಗೊತ್ತು’ ಅಂತ ಮುಂದಿನ ವಾಕ್ಯವನ್ನೂ ಸೇರಿಸಿ. ಆ ಮುಂದಿನ ವಾಕ್ಯವನ್ನು ಹೇಳುವ ಧೈರ್ಯ ಆ ಹುಡುಗಿಗೆ ಆ ಕೋಣೆಯಲ್ಲಿ ಬರಲಿಲ್ಲ. ಬರುವ ಹಾಗೆ ನಾವು ಕೂತಿರಲಿಲ್ಲ.

18 ಸಾವಿರ ಅಂದರೆ ಎಷ್ಟು?

ಎರಡನೇ ಪ್ರಶ್ನೆ ಸಂಬಳದ್ದು. ‘ನಮ್ಮಲ್ಲಿ ಜಾಸ್ತಿ ಕೊಡೋಕೆ ಆಗಲ್ಲ, ಪರವಾಗಿಲ್ವಾ?’ ಅಂತ ಕೇಳುತ್ತಾರೆ. ಎಷ್ಟು ಅಂತ ಹೇಳುವ ಮೊದಲೇ ‘ಪರವಾಗಿಲ್ಲ’ ಅನ್ನಿಸಿಕೊಳ್ಳುತ್ತಾರೆ. ಆಮೇಲೆ ಅಂಕಿ ಹೇಳಿದಾಗ ಚೌಕಾಶಿಗೆ ಜಾಗ ಇರುವುದಿಲ್ಲ. ದುಡ್ಡಿನ ಮಾತೆತ್ತಿದರೆ ಪ್ರೇರಣೆಯ ಅಂಕ ಹೋಗುತ್ತದೆ.

ಒಂದು ಲೆಕ್ಕ ಹಾಕೋಣ. ತಿಂಗಳಿಗೆ 18,000 ರೂಪಾಯಿ ಸಿಟಿಸಿ ಅಂತ ಹೇಳಿದರು ಅಂದುಕೊಳ್ಳಿ. ಸಿಟಿಸಿ ಅಂದರೆ ನಿಮ್ಮ ಮೇಲೆ ಸಂಸ್ಥೆ ಮಾಡುವ ಒಟ್ಟು ಖರ್ಚು, ಕೈಗೆ ಬರುವ ಹಣ ಅಲ್ಲ. ಪಿಎಫ್‌ಗೆ ಲೆಕ್ಕ ಹಿಡಿಯುವ ವೇತನ 15,000 ಆದರೆ, ಶೇ 12ರಂತೆ ಸಂಸ್ಥೆಯ ಪಾಲು 1,800, ನಿಮ್ಮ ಪಾಲು 1,800. ಎರಡೂ ಆ 18 ಸಾವಿರದ ಒಳಗೇ ಇದ್ದರೆ ಕೈಗೆ ಬರುವುದು 14,400. ಪಿಎಫ್ ನಿಮ್ಮದೇ ಉಳಿತಾಯ, ಅದು ಇರಬೇಕು. ಆದರೆ ಈ ತಿಂಗಳ ಅಕ್ಕಿಗೆ ಅದು ಬರುವುದಿಲ್ಲ.

ಈಗ ಬೈಕು. ಗುಂಡ್ಲುಪೇಟೆಯಿಂದ ಹೊರಟು ಕಾಡಂಚಿನ ಎರಡು ಮೂರು ಹಾಡಿ, ಒಂದು ಶಾಲೆ ಮುಟ್ಟಿ ವಾಪಸ್ ಬಂದರೆ ದಿನಕ್ಕೆ 60 ಕಿಲೋಮೀಟರ್ ಆಗುವುದು ಹೆಚ್ಚೇನಲ್ಲ. ತಿಂಗಳಿಗೆ 22 ದಿನ ಅಂದರೆ 1,320 ಕಿ.ಮೀ. ಹಳೇ ಬೈಕು, ಕೆಟ್ಟ ರಸ್ತೆ, 45 ಮೈಲೇಜ್ ಅಂತ ಹಿಡಿಯಿರಿ. 29 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 103 ರೂಪಾಯಿಯಂತೆ ಸುಮಾರು 3,000. ಆಯಿಲ್, ಚೈನು, ಟಯರ್ ಸೇರಿ ತಿಂಗಳಿಗೆ 500 ಬೀಳುತ್ತದೆ. ಒಟ್ಟು 3,500. ಸಂಸ್ಥೆ ‘ಪ್ರಯಾಣ ಭತ್ಯೆ’ ಅಂತ ತಿಂಗಳಿಗೆ 1,500 ನಿಗದಿ ಮಾಡಿದ್ದರೆ ಉಳಿದ 2,000 ನಿಮ್ಮ ಸಂಬಳದಿಂದ ಹೋಗುತ್ತದೆ. ಈಗ ಉಳಿದದ್ದು 12,400. ಅದರಲ್ಲಿ ರೂಮಿಗೆ 3,500, ಊಟಕ್ಕೆ 4,000, ಫೋನು ಸೋಪು ಇತ್ಯಾದಿಗೆ 900. ಮನೆಗೆ ಮೂರು ಸಾವಿರ ಕಳಿಸಿದರೆ ಕೈಯಲ್ಲಿ ಒಂದು ಸಾವಿರ. ಒಂದು ಸಲ ಜ್ವರ ಬಂದರೆ, ಒಂದು ಸಲ ಬೈಕು ಬಿದ್ದರೆ ಅದೂ ಇಲ್ಲ.

ಈ ಲೆಕ್ಕದಲ್ಲಿ ಗಮನಿಸಬೇಕಾದ್ದು ಒಂದಿದೆ. ಅದೇ ಸಂಸ್ಥೆ ನಿಗದಿತ ಭತ್ಯೆ ಬಿಟ್ಟು ಕಿಲೋಮೀಟರಿಗೆ 3 ರೂಪಾಯಿಯಂತೆ ಕೊಟ್ಟರೆ 3,960 ಆಗುತ್ತದೆ. ಖರ್ಚು ಕಳೆದು ನಾಲ್ಕುನೂರು ಚಿಲ್ಲರೆ ಉಳಿಯುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ತಿಂಗಳಿಗೆ 2,460 ರೂಪಾಯಿ, ಕೈಗೆ ಬರುವ ಸಂಬಳದ ಆರನೇ ಒಂದು ಭಾಗ. ಹಾಗಾಗಿ ‘ಸಂಬಳ ಎಷ್ಟು’ ಎಂಬುದರ ಜೊತೆಗೇ ಕೇಳಬೇಕಾದ ಪ್ರಶ್ನೆ ‘ಕಿಲೋಮೀಟರಿಗೆ ಎಷ್ಟು, ಯಾವ ತಾರೀಖಿಗೆ ಕೊಡ್ತೀರಿ’. ಮೂರು ತಿಂಗಳು ತಡವಾಗಿ ಬರುವ ಪ್ರಯಾಣದ ಬಿಲ್ಲು ಅಂದರೆ, ಬಡ ಹುಡುಗ ಸಂಸ್ಥೆಗೆ ಬಡ್ಡಿಯಿಲ್ಲದೆ ಕೊಟ್ಟ ಸಾಲ.

ಸಂಸ್ಥೆಗಳು ಬೇಕಂತಲೇ ಹೀಗೆ ಮಾಡುತ್ತವೆ ಅನ್ನುವುದು ಅರ್ಧ ಸತ್ಯ. ಉಳಿದರ್ಧ ಹಣ ಬರುವ ದಾರಿಯಲ್ಲಿದೆ. 2020ರ ವಿದೇಶಿ ದೇಣಿಗೆ ಕಾಯ್ದೆಯ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆ ವಿದೇಶಿ ಹಣ ಪಡೆದು ಸಣ್ಣ ಸಂಸ್ಥೆಗೆ ಹಂಚುವುದನ್ನೂ ನಿಷೇಧಿಸಿತು. ಜಿಲ್ಲೆ, ತಾಲ್ಲೂಕು ಮಟ್ಟದ ಸಂಸ್ಥೆಗಳಿಗೆ ಹಣ ಬರುತ್ತಿದ್ದದ್ದು ಹೆಚ್ಚಾಗಿ ಹಾಗೆ ಹಂಚಿಕೆಯಿಂದಲೇ. ಆಮೇಲೆ ಕಂಪನಿಗಳ ಸಿಎಸ್‌ಆರ್ ಹಣದ ಕಡೆ ಎಲ್ಲರೂ ತಿರುಗಿದರು. ಆ ಹಣ ಯೋಜನೆಯ ಲೆಕ್ಕದಲ್ಲಿ, ಸಾಮಾನ್ಯವಾಗಿ ವರ್ಷದ ಅವಧಿಗೆ ಬರುತ್ತದೆ. ಎಷ್ಟು ಮಕ್ಕಳಿಗೆ ಬ್ಯಾಗು, ಎಷ್ಟು ಶಾಲೆಗೆ ಕಂಪ್ಯೂಟರ್ ಅನ್ನುವುದು ಫೋಟೋದಲ್ಲಿ ಕಾಣುತ್ತದೆ. ಹಾಡಿಗೆ ಹೋಗಿ ಅಜ್ಜಿಯ ಜೊತೆ ಮಾತಾಡಿ ಬಂದವಳ ಸಂಬಳ ಫೋಟೋದಲ್ಲಿ ಕಾಣುವುದಿಲ್ಲ. ಬಜೆಟ್ ಕತ್ತರಿಸುವಾಗ ಮೊದಲು ಹೋಗುವುದು ಅದೇ.

ಸರ್ಕಾರವೂ ಬೇರೆಯೇನಲ್ಲ. ನಮ್ಮ ಆಶಾ ಕಾರ್ಯಕರ್ತೆಯರು ಪಡೆಯುವುದಕ್ಕೆ ‘ಸಂಬಳ’ ಅನ್ನುವುದಿಲ್ಲ, ‘ಗೌರವಧನ’ ಅನ್ನುತ್ತಾರೆ. ಕಾಗದದಲ್ಲಿ ಅವರು ಸ್ವಯಂಸೇವಕಿಯರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತು ಅವರು ಕೇಳಿದ್ದು ತಿಂಗಳಿಗೆ 15 ಸಾವಿರ. ಸಿಕ್ಕಿದ್ದು ಕನಿಷ್ಠ 10 ಸಾವಿರದ ಭರವಸೆ. ಸಂಬಳ ಅಂದರೆ ಅದಕ್ಕೆ ಕಾನೂನು ಬರುತ್ತದೆ. ಗೌರವಧನ, ಸ್ಟೈಪೆಂಡ್, ಫೆಲೋಶಿಪ್ ಅಂದರೆ ಕಾನೂನು ಹೊರಗೇ ನಿಲ್ಲುತ್ತದೆ. ಸಂದರ್ಶನದಲ್ಲಿ ಆಫರ್ ಪತ್ರದ ಮೇಲೆ ಯಾವ ಪದ ಇದೆ ಅಂತ ನೋಡಿ. ‘ಕನ್ಸಲ್ಟೆಂಟ್’ ಅಂತ ಇದ್ದರೆ ಪಿಎಫ್ ಇರುವುದಿಲ್ಲ, ಹೆರಿಗೆ ರಜೆಯನ್ನೂ ಹಕ್ಕಾಗಿ ಕೇಳಲು ಕಷ್ಟ.

ಫೀಲ್ಡ್ ಕಷ್ಟ ಅಂದರೆ ಯಾವ ಕಷ್ಟ?

ಮೂರನೇ ಪ್ರಶ್ನೆಗೆ ಎಲ್ಲರೂ ಕೊಡುವ ಉತ್ತರ ‘ಮಾಡ್ತೀನಿ ಸರ್, ಅಭ್ಯಾಸ ಇದೆ’. ಕೇಳಿದವರಿಗೂ ಹೇಳಿದವರಿಗೂ ಬಿಸಿಲು, ನಡಿಗೆ, ಬಸ್ಸಿಲ್ಲದ ಊರು ಇಷ್ಟೇ ತಲೆಯಲ್ಲಿರುತ್ತದೆ. ಅದು ಕಷ್ಟವೇ. ಆದರೆ ಜನ ಕೆಲಸ ಬಿಡುವುದು ಅದಕ್ಕಲ್ಲ.

ಗುಂಡ್ಲುಪೇಟೆ ಕಡೆಯ ನಿಜವಾದ ತೊಡಕು ಗಡಿಯಾರದ್ದು. ಹಾಡಿಯ ಜನ ಬೆಳಿಗ್ಗೆ ಏಳಕ್ಕೆಲ್ಲ ಕೂಲಿಗೆ ಹೊರಟುಬಿಡುತ್ತಾರೆ. ಜೀಪು, ಟೆಂಪೋ ಬಂದು ಕರೆದುಕೊಂಡು ಹೋಗುತ್ತದೆ. ವಾಪಸ್ ಬರುವುದು ಸಂಜೆ ಆರರ ಮೇಲೆ. ಹತ್ತು ಗಂಟೆಗೆ ನೀವು ರಿಜಿಸ್ಟರ್ ಹಿಡಿದು ಹೋದರೆ ಸಿಗುವುದು ಮುದುಕರು, ಮಕ್ಕಳು, ನಾಯಿ. ತಂದೆ ತಾಯಿ ಜೊತೆ ಮಾತಾಡಬೇಕು ಅಂದರೆ ಮುಂಜಾನೆ ಆರಕ್ಕೆ ಅಥವಾ ಸಂಜೆ ಏಳಕ್ಕೆ ಅಲ್ಲಿರಬೇಕು. ಬಂಡೀಪುರದ ಅಂಚಿನಲ್ಲಿ ಆನೆಗಳು ಕಾಡಿನಿಂದ ಹೊಲಕ್ಕೆ ಇಳಿಯುವುದೂ, ವಾಪಸ್ ಹೋಗುವುದೂ ಅದೇ ಹೊತ್ತಿನಲ್ಲಿ. ಬಂಡೀಪುರ ದಾಟುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. 2009ರಿಂದ ಇರುವ ನಿಯಮ ಇದು. ಆದರೆ ಕಾಡಂಚಿನ ಹಳ್ಳಿ ರಸ್ತೆಯಲ್ಲಿ ಗೇಟೂ ಇಲ್ಲ, ಎಚ್ಚರಿಸುವವರೂ ಇಲ್ಲ.

ಅಂದರೆ ಕೆಲಸ ಆಗುವ ಹೊತ್ತು ಮತ್ತು ಅಪಾಯದ ಹೊತ್ತು ಒಂದೇ. ಇದನ್ನು ‘ಧೈರ್ಯ ಇದೆಯಾ’ ಅಂತ ಅಭ್ಯರ್ಥಿಯನ್ನು ಕೇಳಿ ಬಗೆಹರಿಸಲು ಬರುವುದಿಲ್ಲ. ಸಂಸ್ಥೆ ಬಗೆಹರಿಸಬೇಕು. ವಾರಕ್ಕೆ ಎರಡು ರಾತ್ರಿ ಊರಲ್ಲೇ ಉಳಿಯಲು ಜಾಗ ಮಾಡಿಕೊಡುವುದು, ಕತ್ತಲಾದ ಮೇಲೆ ಒಬ್ಬರೇ ಬೈಕಲ್ಲಿ ಬರಬಾರದು ಅಂತ ನಿಯಮ ಮಾಡುವುದು, ಕೂಲಿ ಇಲ್ಲದ ದಿನ ನೋಡಿಕೊಂಡು ಸಭೆ ಇಡುವುದು, ಅಪಘಾತ ವಿಮೆ ಮಾಡಿಸುವುದು. ಇದೇನೂ ಇಲ್ಲದೆ, ಬೆಳಿಗ್ಗೆ ಹತ್ತು ಗಂಟೆಗೆ ಜಿಪಿಎಸ್ ಫೋಟೋ ಹಾಕಿ ಹಾಜರಿ ಕೊಡಿ ಅಂತ ಆ್ಯಪ್ ಕೊಟ್ಟರೆ, ಹುಡುಗರು ಹತ್ತಕ್ಕೆ ಹೋಗಿ ಖಾಲಿ ಹಾಡಿಯ ಫೋಟೋ ಹಾಕಿ ಬರುತ್ತಾರೆ. ವರದಿಯಲ್ಲಿ ಎಲ್ಲ ಸರಿ ಇರುತ್ತದೆ. ಕಾಫಿ ಕೊಯ್ಲಿನ ತಿಂಗಳಲ್ಲೂ ಮನೆ ಭೇಟಿಯ ಸಂಖ್ಯೆ ಕಮ್ಮಿಯಾಗದಿದ್ದರೆ ಆ ವರದಿ ಸುಳ್ಳು ಅಂತ ತಿಳಿಯಿರಿ.

ಇನ್ನೊಂದು ಕಷ್ಟ ಜನರ ಸಿಟ್ಟು. 2024ರ ಲೋಕಸಭಾ ಚುನಾವಣೆಯಲ್ಲಿ ಹನೂರು ತಾಲ್ಲೂಕಿನ ಇಂಡಿಗನತ್ತದ ಜನ ರಸ್ತೆ, ನೀರು ಇಲ್ಲ ಅಂತ ಮತದಾನ ಬಹಿಷ್ಕರಿಸಿದರು. ಗಲಾಟೆಯಲ್ಲಿ ಮತಯಂತ್ರ ಪುಡಿಯಾಯಿತು, ಏಪ್ರಿಲ್ 29ಕ್ಕೆ ಮರುಮತದಾನ ಆಯಿತು. ಅಂಥ ಊರುಗಳಿಗೆ ಸರ್ವೆ ಮಾಡುವವರು ಬಂದು ಹೋಗಿ ಸಾಕಾಗಿದೆ. ನೀವು ಫಾರಂ ಹಿಡಿದು ಹೋದಾಗ ‘ಹೋದ ಸಲ ಬರ್ಕೊಂಡ್ ಹೋದ್ರಲ್ಲ, ಏನಾಯ್ತು?’ ಅಂತ ಕೇಳುತ್ತಾರೆ. ಹೆಚ್ಚಿನ ಹೊಸಬರು ಮುರಿದುಬೀಳುವುದು ಬಿಸಿಲಿಗಲ್ಲ, ಈ ಪ್ರಶ್ನೆಗೆ. ಸಂದರ್ಶನದಲ್ಲಿ ಕೇಳಬೇಕಾದ್ದು ಇದನ್ನೇ: ಆ ಮನೆಯವರಿಗೆ ಏನು ಹೇಳ್ತೀರಿ? ‘ರಸ್ತೆ ನನ್ನ ಕೈಲಿಲ್ಲ. ನನ್ನ ಕೈಲಿರೋದು ಇಷ್ಟು’ ಅಂತ ಹೇಳಬಲ್ಲವರು ಉಳಿಯುತ್ತಾರೆ. ಎಲ್ಲ ಮಾಡಿಸಿಕೊಡ್ತೀನಿ ಅನ್ನುವವರು ಎರಡನೇ ಭೇಟಿಗೆ ಹೋಗಲಾರರು.

ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ‘ಮನೇಲಿ ಒಪ್ತಾರಾ? ಮದುವೆ ಆದ್ಮೇಲೆ?’ ಹುಡುಗರಿಗೆ ಇದನ್ನು ಯಾರೂ ಕೇಳುವುದಿಲ್ಲ. ನೇಮಕಾತಿಯಲ್ಲಿ ಲಿಂಗ ತಾರತಮ್ಯ ಮಾಡಬಾರದು ಅಂತ 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಕೆಲಸದ ಸ್ಥಳ ಅಂದರೆ ಕಚೇರಿ ಮಾತ್ರ ಅಲ್ಲ, ಕೆಲಸದ ಮೇಲೆ ಹೋಗುವ ಪ್ರತಿ ಜಾಗವೂ ಹೌದು. ಹತ್ತು ಜನ ಇರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ‘ಆ ಸಮಿತಿಯಲ್ಲಿ ಯಾರಿದ್ದಾರೆ?’ ಅಂತ ಕೇಳಿ. ಹೆಸರು ಹೇಳಲು ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿದ ಹಾಗೆ.

ಕಾಲಂ ಬದಲಿಸಿದ ಮೇಲೆ

ನಾವು ಮುಂದಿನ ಸುತ್ತಿನಲ್ಲಿ ‘ಪ್ರೇರಣೆ’ ಕಾಲಂ ತೆಗೆದೆವು. ಕೊನೆಯ ಐದು ಜನರನ್ನು ಒಂದು ದಿನ ಹಾಡಿಗೆ ಕರೆದುಕೊಂಡು ಹೋದೆವು. ದಿನದ ಕೂಲಿ, ಬಸ್ ಚಾರ್ಜು ಕೊಟ್ಟೆವು. ಅಲ್ಲಿ ಯಾರ ಜೊತೆ ಏನು ಮಾತಾಡಿದಿರಿ, ಏನು ಗೊತ್ತಾಯಿತು ಅಂತ ಸಂಜೆ ಕೇಳಿದೆವು. ಸಂಬಳ, ಕೈಗೆ ಬರುವ ಹಣ, ಕಿಲೋಮೀಟರ್ ದರ ಮೂರನ್ನೂ ಜಾಹೀರಾತಿನಲ್ಲೇ ಹಾಕಿದೆವು. ಅರ್ಜಿಗಳು ಕಮ್ಮಿಯಾದವು. ಬಂದವರಲ್ಲಿ ಅಕ್ಕಪಕ್ಕದ ಊರಿನವರು ಜಾಸ್ತಿ ಇದ್ದರು. ಇದರಿಂದ ಸಂಬಳವೇನೂ ಏರಲಿಲ್ಲ. ಏರಿಸಲು ದಾನಿಗಳ ಬಜೆಟ್ ಬದಲಾಗಬೇಕು, ಅದಕ್ಕೆ ಬೇರೆ ಜಗಳ ಆಡಬೇಕು. ಕಮ್ಮಿ ಸಂಬಳವನ್ನು ತ್ಯಾಗ ಅಂತ ಕರೆದು ಮುಚ್ಚಿಡುವುದನ್ನು ಮಾತ್ರ ನಿಲ್ಲಿಸಿದೆವು.

ತೆರಕಣಾಂಬಿ ಕಡೆಯ ಆ ಹುಡುಗಿಗೆ ಫೋನ್ ಮಾಡಿದ್ದೆ. ನಂಜನಗೂಡಿನಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಸೇರಿದ್ದಳು. ಬರ್ತೀಯಾ ಅಂದೆ. ‘ಈಗ ಎಷ್ಟ್ ಕೊಟ್ಟೀರಿ ಸಾ?’ ಅಂತ ಕೇಳಿದಳು. ಹೇಳಿದೆ. ‘ಮನೇಲಿ ಕೇಳಿ ಹೇಳ್ತಿನಿ’ ಅಂದವಳು, ಫೋನಿಡುವ ಮೊದಲು ಇನ್ನೊಂದು ಕೇಳಿದಳು: ‘ಮುಂಚೆ ಈ ಕೆಲ್ಸದಲ್ಲಿದ್ದೋರು ಯಾಕ್ ಬುಟ್ರು ಸಾ?’

ನಾನು ಕೂತ ಯಾವ ಸಂದರ್ಶನದಲ್ಲೂ ಅದಕ್ಕಿಂತ ಒಳ್ಳೆಯ ಪ್ರಶ್ನೆ ಬಂದಿರಲಿಲ್ಲ. ಅವಳು ಕೊನೆಗೆ ಬರಲಿಲ್ಲ.